ಟೈಟಲ್ ಬದಲಿಸಿದ ಮೇಲೆ ಸಿಟಿಆರ್ 4ರಿಂದ 3.4ಕ್ಕೆ ಇಳಿದಿದೆ, ಹಳೇ ಟೈಟಲ್ ವಾಪಸ್ ಹಾಕಲಾ?

ದಿನಪುಟ

ಎಲ್ಲರಿಗೂ ನಮಸ್ಕಾರ. ನನ್ನ ಸೈಟ್‌ನಲ್ಲಿ ಪಿಡಿಎಫ್ ಫೈಲ್ ಸೈಜ್ ಕಡಿಮೆ ಮಾಡುವುದರ ಬಗ್ಗೆ ಒಂದು ಪುಟ ಇದೆ. ಜನ ಜಾಸ್ತಿ ಬರೋದು ಅದಕ್ಕೇ. ಮೊದಲು ಅದರ ಟೈಟಲ್ "ಪಿಡಿಎಫ್ ಸೈಜ್ ಕಡಿಮೆ ಮಾಡುವುದು ಹೇಗೆ? ಸಂಪೂರ್ಣ ಮಾಹಿತಿ" ಅಂತ ಇತ್ತು. ಅದನ್ನು "ಪಿಡಿಎಫ್ ಸೈಜ್ ಕಡಿಮೆ ಮಾಡಿ: ಮೊಬೈಲ್, ಕಂಪ್ಯೂಟರ್ ಎರಡರಲ್ಲೂ, ಸ್ಪಷ್ಟತೆ ಕೆಡದ ಹಾಗೆ" ಅಂತ ಮಾಡಿದೆ. ಪುಟದ ಒಳಗೆ ಒಂದಕ್ಷರವೂ ಮುಟ್ಟಿಲ್ಲ.

ಸರ್ಚ್ ಕನ್ಸೋಲ್‌ನಲ್ಲಿ ಆ ಪುಟವನ್ನು ಮಾತ್ರ ಫಿಲ್ಟರ್ ಮಾಡಿ, ಬದಲಿಸುವ ಮೊದಲಿನ 28 ದಿನ ಮತ್ತು ಆಮೇಲಿನ 28 ದಿನ ಹೋಲಿಸಿ ನೋಡಿದೆ.

ಮೊದಲು: ಇಂಪ್ರೆಷನ್ 12,000, ಕ್ಲಿಕ್ 480, ಸಿಟಿಆರ್ 4%, ಆವರೇಜ್ ಪೊಸಿಷನ್ 5.8.
ಆಮೇಲೆ: ಇಂಪ್ರೆಷನ್ 18,000, ಕ್ಲಿಕ್ 612, ಸಿಟಿಆರ್ 3.4%, ಆವರೇಜ್ ಪೊಸಿಷನ್ 7.6.

ಸಿಟಿಆರ್ ಬಿತ್ತು, ಪೊಸಿಷನ್ ಕೂಡ ಕೆಳಗೆ ಹೋಯಿತು. ಹಳೇದನ್ನೇ ವಾಪಸ್ ಹಾಕೋದು ಒಳ್ಳೇದಾ, ಇನ್ನೂ ಸ್ವಲ್ಪ ದಿನ ನೋಡೋದಾ?

ನೀಲಿಶಾಯಿ

ವಾಪಸ್ ಹಾಕಿ. ಟೈಟಲ್‌ನ ಕೆಲಸವೇ ಕ್ಲಿಕ್ ಮಾಡಿಸೋದು, ಅದು ಸಿಟಿಆರ್‌ನಲ್ಲಿ ಕಾಣಬೇಕು. 28 ದಿನ ಅಂದರೆ ಸಾಕಷ್ಟು ಸಮಯ ಕೊಟ್ಟಿದ್ದೀರಿ. ಹೊಸ ಟೈಟಲ್ ಉದ್ದ ಜಾಸ್ತಿ ಆಯಿತು, ಮೊಬೈಲಲ್ಲಿ ಕೊನೆ ಭಾಗ ಕತ್ತರಿಸಿ ಹೋಗುತ್ತೆ. "ಹೇಗೆ" ಅನ್ನೋ ಪದವನ್ನೂ ತೆಗೆದಿದ್ದೀರಿ, ಜನ ಹುಡುಕೋದೇ ಅದನ್ನು.

ಲೆಕ್ಕದವನು

ಸ್ವಲ್ಪ ತಡೆಯಿರಿ. ಕ್ಲಿಕ್ 480 ಇದ್ದದ್ದು 612 ಆಗಿದೆ. ಮೊದಲಿಗಿಂತ 132 ಕ್ಲಿಕ್ ಜಾಸ್ತಿ ಬಂದ ಪುಟವನ್ನು ಸೋತಿದೆ ಅಂತ ತೀರ್ಮಾನಿಸೋ ಮೊದಲು ಆ 6,000 ಹೊಸ ಇಂಪ್ರೆಷನ್ ಎಲ್ಲಿಂದ ಬಂತು ಅಂತ ನೋಡಬೇಕು ಅಲ್ವಾ?

ಸಿಟಿಆರ್ ಅಂದರೆ ಕ್ಲಿಕ್ಕನ್ನು ಇಂಪ್ರೆಷನ್‌ನಿಂದ ಭಾಗಿಸಿದ್ದು. ಕೆಳಗಿನ ಸಂಖ್ಯೆ ಬೆಳೆದರೆ ಸಿಟಿಆರ್ ಇಳಿಯುತ್ತೆ, ಟೈಟಲ್ ಎಷ್ಟೇ ಚೆನ್ನಾಗಿದ್ದರೂ. ಈ ಪುಟ ಹೊಸದಾಗಿ ಯಾವುದೋ ಹುಡುಕಾಟಗಳಿಗೆ 11ನೇ, 12ನೇ ಜಾಗದಲ್ಲಿ ಕಾಣಿಸಿಕೊಳ್ಳಲು ಶುರುವಾಗಿದ್ದರೆ ಇಂಪ್ರೆಷನ್ ಬರುತ್ತೆ, ಕ್ಲಿಕ್ ಬರೋದು ಕಡಿಮೆ. ಹಳೇ ಹುಡುಕಾಟಗಳಲ್ಲಿ ಏನೂ ಕೆಟ್ಟಿರದಿದ್ದರೂ ಒಟ್ಟು ಸರಾಸರಿ ಬೀಳುತ್ತೆ, ಆವರೇಜ್ ಪೊಸಿಷನ್ ಕೂಡ ಬೀಳುತ್ತೆ. ನಿಮ್ಮ ಅಂಕಿ ನೋಡಿದರೆ ಹಾಗೇ ಕಾಣ್ತಿದೆ, ಆದರೆ ಖಚಿತ ಆಗಬೇಕಾದರೆ ಮೂರು ವಿಷಯ ಬೇಕು.

ಮೊದಲನೆಯದು, URL ಇನ್‌ಸ್ಪೆಕ್ಷನ್‌ನಲ್ಲಿ ಕೊನೆಯ ಕ್ರಾಲ್ ತಾರೀಖು ನೋಡಿ. ನೀವು ಟೈಟಲ್ ಬದಲಿಸಿದ ದಿನ ಮುಖ್ಯ ಅಲ್ಲ, ಗೂಗಲ್ ಅದನ್ನು ಓದಿದ ದಿನ ಮುಖ್ಯ. ಎರಡನೆಯದು, ನಿಜವಾಗಿ ಹುಡುಕಿ, ಫಲಿತಾಂಶದಲ್ಲಿ ನಿಮ್ಮ ಟೈಟಲೇ ಕಾಣ್ತಿದೆಯಾ ನೋಡಿ. ನಾವು ಬರೆದದ್ದನ್ನೇ ಗೂಗಲ್ ತೋರಿಸಬೇಕೆಂದಿಲ್ಲ. 2021ರ ಆಗಸ್ಟ್‌ನಲ್ಲಿ ಟೈಟಲ್ ಆರಿಸುವ ವಿಧಾನ ಬದಲಿಸಿದ ಮೇಲೆ, ಸುಮಾರು 87% ಸಲ ಪುಟದ ಟೈಟಲ್ ಟ್ಯಾಗನ್ನೇ ಬಳಸುತ್ತೇವೆ ಅಂತ ಅವರೇ ಹೇಳಿದ್ದರು. ಉಳಿದದ್ದರಲ್ಲಿ ಪುಟದೊಳಗಿನ ಹೆಡ್ಡಿಂಗ್, ಬೇರೆಯವರು ಕೊಟ್ಟ ಲಿಂಕ್‌ನ ಮಾತು, ಇಂಥದ್ದೆಲ್ಲ ಬರುತ್ತೆ. ಯಾವ ದಿನ ಯಾವ ಟೈಟಲ್ ತೋರಿಸಿದರು ಅನ್ನೋದು ಸರ್ಚ್ ಕನ್ಸೋಲ್‌ನಲ್ಲಿ ಎಲ್ಲೂ ಇರೋದಿಲ್ಲ, ನೀವೇ ಬರೆದಿಟ್ಟುಕೊಳ್ಳಬೇಕು.

ಮೂರನೆಯದು, ಈ ಪುಟದ ಮುಖ್ಯ ಹುಡುಕಾಟಗಳನ್ನು ಬೇರೆ ತೆಗೆಯಿರಿ. ಕ್ವೆರಿ ಫಿಲ್ಟರ್‌ನಲ್ಲಿ ರೆಜೆಕ್ಸ್ ಹಾಕಬಹುದು:

```
(pdf|ಪಿಡಿಎಫ್).*(size|ಸೈಜ್|compress|ಕಡಿಮೆ)
```

ಆ ಗುಂಪಿನ ಇಂಪ್ರೆಷನ್, ಕ್ಲಿಕ್ ಎರಡೂ ಅವಧಿಗೆ ತೆಗೆದು ಇಲ್ಲಿ ಹಾಕಿ. ಯಾವ ಪದಗಳನ್ನು ಸೇರಿಸಬೇಕು ಅನ್ನೋದನ್ನು ಮೊದಲಿನ ಅವಧಿ ನೋಡಿ ನಿರ್ಧಾರ ಮಾಡಿ. ಆಮೇಲಿನ ಅಂಕಿ ನೋಡಿ ಗುಂಪು ಕಟ್ಟಿದರೆ ನಮಗೆ ಬೇಕಾದ ಉತ್ತರ ಬರೋ ಹಾಗೆ ಕಟ್ಟಿಬಿಡ್ತೀವಿ, ಗೊತ್ತೇ ಆಗೋದಿಲ್ಲ.

ಬರಹದಬುಟ್ಟಿ

ನನಗೂ ಇದೇ ಸಮಸ್ಯೆ. ಲೇಖನದ ಮೇಲಿನ ದೊಡ್ಡ ಹೆಡ್ಡಿಂಗ್ ಎರಡು ಮೂರು ಥರ ಬದಲಿಸಿ ನೋಡಿದೆ. ಜನ ಪುಟದಲ್ಲಿ ನಿಲ್ಲೋ ಸಮಯ ಹಾಗೇ ಇದೆ, ಏನೂ ವ್ಯತ್ಯಾಸ ಬರಲಿಲ್ಲ. ಟೈಟಲ್‌ನಿಂದ ಏನೂ ಆಗಲ್ಲ ಅನ್ನೋದು ನನ್ನ ಅನುಭವ.

ಲೆಕ್ಕದವನು

ಮೇಡಂ, ಇಲ್ಲಿ ಮಾತಾಡ್ತಿರೋದು ಹುಡುಕಾಟದ ಫಲಿತಾಂಶದಲ್ಲಿ ಕಾಣೋ ನೀಲಿ ಸಾಲಿನ ಬಗ್ಗೆ. ಪುಟದೊಳಗಿನ ಹೆಡ್ಡಿಂಗ್ ಕಾಣೋದು ಕ್ಲಿಕ್ ಮಾಡಿ ಒಳಗೆ ಬಂದವರಿಗೆ. ಅವರು ಎಷ್ಟು ಹೊತ್ತು ನಿಂತರು ಅನ್ನೋದರಿಂದ, ಹೊರಗಿದ್ದವರು ಯಾಕೆ ಕ್ಲಿಕ್ ಮಾಡಿದರು ಅಥವಾ ಮಾಡಲಿಲ್ಲ ಅನ್ನೋದು ತಿಳಿಯೋದಿಲ್ಲ. ಒಂದು ಎಚ್ಚರಿಕೆ ಮಾತ್ರ: ಟೈಟಲ್ ಟ್ಯಾಗ್ ಸರಿಯಿಲ್ಲ ಅನ್ನಿಸಿದರೆ ಗೂಗಲ್ ಆ ಹೆಡ್ಡಿಂಗನ್ನೇ ಎತ್ತಿ ತೋರಿಸಬಹುದು. ಹಾಗಾಗಿ ಟೈಟಲ್ ಪರೀಕ್ಷೆ ನಡೀತಿರುವಾಗ ಹೆಡ್ಡಿಂಗ್ ಮುಟ್ಟಬೇಡಿ.

ದಿನಪುಟ

ನೋಡಿದೆ ಸರ್. ಬದಲಿಸಿದ ನಾಲ್ಕನೇ ದಿನ ಕ್ರಾಲ್ ಆಗಿದೆ. ಫೋನು, ಲ್ಯಾಪ್‌ಟಾಪ್ ಎರಡರಲ್ಲೂ ಹೊಸ ಟೈಟಲೇ ಕಾಣ್ತಿದೆ. ಮೊಬೈಲಲ್ಲಿ "ಸ್ಪಷ್ಟತೆ" ಆದಮೇಲೆ ಕತ್ತರಿಸಿದೆ. ನಾನು ಮೇಲೆ ಕೊಟ್ಟ ಆಮೇಲಿನ 28 ದಿನ ಕ್ರಾಲ್ ಆದ ಮರುದಿನದಿಂದಲೇ ಎಣಿಸಿದ್ದು, ನಡುವಿನ ದಿನಗಳನ್ನು ಬಿಟ್ಟಿದ್ದೇನೆ.

ರೆಜೆಕ್ಸ್ ಗುಂಪು:

ಮೊದಲು: ಇಂಪ್ರೆಷನ್ 8,000, ಕ್ಲಿಕ್ 400, ಸಿಟಿಆರ್ 5%.
ಆಮೇಲೆ: ಇಂಪ್ರೆಷನ್ 8,000, ಕ್ಲಿಕ್ 464, ಸಿಟಿಆರ್ 5.8%.

ಉಳಿದದ್ದು, ಅಂದರೆ ಒಟ್ಟಿನಿಂದ ಇದನ್ನು ಕಳೆದರೆ: ಮೊದಲು 4,000 ಇಂಪ್ರೆಷನ್‌ಗೆ 80 ಕ್ಲಿಕ್, 2%. ಆಮೇಲೆ 10,000ಕ್ಕೆ 148 ಕ್ಲಿಕ್, ಸುಮಾರು 1.5%.

ಮುಖ್ಯ ಹುಡುಕಾಟಗಳಲ್ಲಿ ಸಿಟಿಆರ್ ಏರಿದೆ! ಹಾಗಾದರೆ ಹೊಸ ಟೈಟಲ್ ಗೆದ್ದಿದೆ ಅಂತಾನಾ?

ನೀಲಿಶಾಯಿ

ಸರಿ, ನಾನು ಒಟ್ಟು ಅಂಕಿ ನೋಡಿ ಹೇಳಿದ್ದೆ. ಹೀಗೆ ಬಿಡಿಸಿ ನೋಡಿದರೆ ಗೆದ್ದಿರೋದು ಸ್ಪಷ್ಟ. ಅದೇ ಇಂಪ್ರೆಷನ್, 64 ಕ್ಲಿಕ್ ಜಾಸ್ತಿ. ಇನ್ನೇನು ಬೇಕು?

ಕೋಡುಗಾರ

ಆ "ಉಳಿದದ್ದು" ಅನ್ನೋದರ ಬಗ್ಗೆ ಒಂದು ಮಾತು. ಸರ್ಚ್ ಕನ್ಸೋಲ್ ಎಲ್ಲ ಕ್ವೆರಿಗಳನ್ನೂ ತೋರಿಸೋದಿಲ್ಲ. ತುಂಬ ಕಡಿಮೆ ಜನ ಹುಡುಕಿದ ಪದಗಳನ್ನು ಖಾಸಗಿತನದ ಕಾರಣಕ್ಕೆ ಮುಚ್ಚಿಡುತ್ತೆ. ಒಟ್ಟು ಲೆಕ್ಕದಲ್ಲಿ ಅವು ಇರುತ್ತವೆ, ಕ್ವೆರಿ ಫಿಲ್ಟರ್ ಹಾಕಿದ ತಕ್ಷಣ ಬಿಟ್ಟುಹೋಗುತ್ತವೆ. ಪಟ್ಟಿಯಲ್ಲಿರೋ ಕ್ವೆರಿಗಳನ್ನೆಲ್ಲ ಕೂಡಿದರೂ ಒಟ್ಟಿಗೆ ಸಮ ಬರೋದಿಲ್ಲ. ಅದಕ್ಕೇ ಒಟ್ಟಿನಿಂದ ಕಳೆದು ತೆಗೆದದ್ದು ಸರಿ, ಆದರೆ ಅದರೊಳಗೆ ಪಿಡಿಎಫ್ ಸೈಜ್ ಬಗ್ಗೆಯೇ ಇರೋ ಉದ್ದನೆಯ ಅಪರೂಪದ ಹುಡುಕಾಟಗಳೂ ಅಡಗಿರಬಹುದು ಅನ್ನೋದು ನೆನಪಿರಲಿ. ಅವನ್ನು ಇನ್ನೂ ಬಿಡಿಸಿ ನೋಡೋಕೆ ದಾರಿ ಇಲ್ಲ.

ಮತ್ತೊಂದು, ಫಿಲ್ಟರ್ ಇಲ್ಲದ ಅಂಕಿಯನ್ನು ಒಂದು ಅವಧಿಗೆ, ಫಿಲ್ಟರ್ ಹಾಕಿದ ಅಂಕಿಯನ್ನು ಇನ್ನೊಂದು ಅವಧಿಗೆ ಇಟ್ಟು ಹೋಲಿಸಬೇಡಿ. ಇದು ಕಣ್ಣಿಗೆ ಬೀಳದೆ ನಡೆದುಬಿಡುತ್ತೆ.

ಲೆಕ್ಕದವನು

ಕೋಡುಗಾರ ಅವರು ಹೇಳಿದ್ದು ಸರಿ.

ಇನ್ನು ಗೆದ್ದಿದೆಯಾ ಅನ್ನೋ ಪ್ರಶ್ನೆಗೆ ಬರೋಣ. ಇನ್ನೂ ಗೊತ್ತಿಲ್ಲ. ಈ ಗುಂಪಿನ ಪೊಸಿಷನ್ ಏನಾಯಿತು? ಪುಟ 4ನೇ ಜಾಗದಿಂದ 3ನೇ ಜಾಗಕ್ಕೆ ಬಂದರೆ ಟೈಟಲ್ ಅದೇ ಇದ್ದರೂ ಸಿಟಿಆರ್ ಏರುತ್ತೆ. ಆವರೇಜ್ ಪೊಸಿಷನ್ ಒಂದೇ ಸಂಖ್ಯೆ ನೋಡಿದರೆ ಸಾಲದು, ಅದು ಇಂಪ್ರೆಷನ್‌ಗಳ ಮೇಲೆ ತೆಗೆದ ಸರಾಸರಿ. ಕಡೇಪಕ್ಷ ಮೊಬೈಲ್, ಡೆಸ್ಕ್‌ಟಾಪ್ ಬೇರೆ ಮಾಡಿ. ಬೇರೆ ಬೇರೆ ದೇಶಗಳಿಂದ ಜನ ಬರ್ತಿದ್ದರೆ ಜಾಸ್ತಿ ಇಂಪ್ರೆಷನ್ ಇರೋ ಒಂದು ದೇಶವನ್ನು ಮಾತ್ರ ಇಟ್ಟುಕೊಳ್ಳಿ.

ದಿನಪುಟ

ಬಹುತೇಕ ಎಲ್ಲ ಒಂದೇ ದೇಶದಿಂದ, ಹಾಗಾಗಿ ಡಿವೈಸ್ ಮಾತ್ರ ಬೇರೆ ಮಾಡಿದೆ. ಟ್ಯಾಬ್ಲೆಟ್ ತೀರಾ ಕಡಿಮೆ, ಅದನ್ನು ಮೊಬೈಲ್ ಜೊತೆ ಸೇರಿಸಿದ್ದೇನೆ.

ಮೊಬೈಲ್ ಮೊದಲು: 6,000 ಇಂಪ್ರೆಷನ್, 288 ಕ್ಲಿಕ್, 4.8%, ಪೊಸಿಷನ್ 3.4.
ಮೊಬೈಲ್ ಆಮೇಲೆ: 6,100 ಇಂಪ್ರೆಷನ್, 311 ಕ್ಲಿಕ್, 5.1%, ಪೊಸಿಷನ್ 3.4.

ಡೆಸ್ಕ್‌ಟಾಪ್ ಮೊದಲು: 2,000 ಇಂಪ್ರೆಷನ್, 112 ಕ್ಲಿಕ್, 5.6%, ಪೊಸಿಷನ್ 4.2.
ಡೆಸ್ಕ್‌ಟಾಪ್ ಆಮೇಲೆ: 1,900 ಇಂಪ್ರೆಷನ್, 153 ಕ್ಲಿಕ್, 8.1%, ಪೊಸಿಷನ್ 2.9.

ಲೆಕ್ಕದವನು

ಈಗ ಚಿತ್ರ ಬದಲಾಯಿತು ನೋಡಿ. 64 ಕ್ಲಿಕ್ ಜಾಸ್ತಿ ಬಂದದ್ದರಲ್ಲಿ 41 ಡೆಸ್ಕ್‌ಟಾಪ್‌ನದ್ದು. ಅಲ್ಲಿ ಪೊಸಿಷನ್ 4.2ರಿಂದ 2.9ಕ್ಕೆ ಬಂದಿದೆ. ಮೂರನೇ ಜಾಗದ ಆಸುಪಾಸಿಗೆ ಬಂದ ಪುಟಕ್ಕೆ ಕ್ಲಿಕ್ ಜಾಸ್ತಿ ಬರೋದು ಸಹಜ, ಅದನ್ನು ಟೈಟಲ್‌ನ ಆಕರ್ಷಣೆ ಅಂತ ಬರೆದುಕೊಳ್ಳೋ ಹಾಗಿಲ್ಲ. ಪೊಸಿಷನ್ ಕದಲದೆ ಇರೋದು ಮೊಬೈಲ್ ಒಂದರಲ್ಲೇ. ಟೈಟಲನ್ನು ಟೈಟಲ್ ಆಗಿ ಅಳೆಯೋಕೆ ನಿಮ್ಮ ಹತ್ತಿರ ಇರೋ ಶುದ್ಧ ಭಾಗ ಅದೇ.

ಮೊಬೈಲಲ್ಲಿ 4.8 ಇದ್ದದ್ದು 5.1 ಆಗಿದೆ. ಇದು ನಿಜವಾದ ಏರಿಕೆಯಾ, ಸುಮ್ನೆ ಏರಿಳಿತವಾ? ಇದಕ್ಕೆ ಒಂದು ಸುಲಭ ಲೆಕ್ಕ ಇದೆ. ಹಳೇ ಸಿಟಿಆರ್‌ನಲ್ಲೇ ಮುಂದುವರಿದಿದ್ದರೆ 6,100 ಇಂಪ್ರೆಷನ್‌ಗೆ ಎಷ್ಟು ಕ್ಲಿಕ್ ಬರಬೇಕಿತ್ತು? 4.8% ಅಂದರೆ ಸುಮಾರು 293. ಬಂದದ್ದು 311. ವ್ಯತ್ಯಾಸ 18. ಈ 18ನ್ನು ಎರಡೂ ಸಂಖ್ಯೆ ಕೂಡಿದ್ದರ ವರ್ಗಮೂಲದಿಂದ ಭಾಗಿಸಿ:

```
=(311-293)/SQRT(311+293)
```

0.73 ಬರುತ್ತೆ. 2ಕ್ಕಿಂತ ಕಡಿಮೆ ಇದ್ದರೆ ಏನೂ ಆಗಿಲ್ಲ ಅಂತಲೇ ತಿಳಿಯಿರಿ. ಇದು ಒರಟು ಲೆಕ್ಕ, ಎರಡೂ ಅವಧಿಯ ಇಂಪ್ರೆಷನ್ ಹತ್ತಿರ ಹತ್ತಿರ ಇದ್ದಾಗ ಮಾತ್ರ ನಡೆಯುತ್ತೆ, ಆದರೆ ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಸಾಲಿನ ಕೆಲಸ. ಒಂದು ಪುಟದಲ್ಲಿ 300 ಕ್ಲಿಕ್ ಇದ್ದರೆ, 5% ಅಥವಾ 10% ಬದಲಾವಣೆಯನ್ನು ಹಿಡಿಯೋಕೆ ಆಗೋದೇ ಇಲ್ಲ. ಸರಿಸುಮಾರು 50 ಕ್ಲಿಕ್ ಹೆಚ್ಚು ಕಡಿಮೆ ಆದಾಗ ಮಾತ್ರ ಅನುಮಾನ ಪಡಬಹುದು.

ದಿನಪುಟ

ಅದೇ ಲೆಕ್ಕ ಡೆಸ್ಕ್‌ಟಾಪ್‌ಗೆ ಹಾಕಿದೆ. ಹಳೇ ದರದಲ್ಲಿ 106 ಬರಬೇಕಿತ್ತು, ಬಂದದ್ದು 153. ಉತ್ತರ 2.9. ಅಂದರೆ ಅಲ್ಲಿ ಆದ ಬದಲಾವಣೆ ನಿಜ ಅಲ್ವಾ? ಕಾರಣ ಟೈಟಲ್ಲೋ ಪೊಸಿಷನ್ನೋ ಅನ್ನೋದು ಬೇರೆ ಮಾತು.

ಲೆಕ್ಕದವನು

ಇರಬಹುದು. ಆದರೆ ಆ ಸೂತ್ರ ಒಂದು ವಿಷಯ ಒಪ್ಪಿಕೊಂಡು ಹೊರಡುತ್ತೆ: ಪ್ರತಿ ಕ್ಲಿಕ್ಕೂ ತನ್ನಷ್ಟಕ್ಕೆ ತಾನು, ಒಂದಕ್ಕೊಂದು ಸಂಬಂಧ ಇಲ್ಲ ಅಂತ. ನಿಜದಲ್ಲಿ ಹಾಗಿರೋದಿಲ್ಲ. ಒಂದು ವಾರ ಯಾವುದೋ ಅರ್ಜಿಯ ಕೊನೆ ದಿನ ಬಂತು ಅಂದರೆ, ಆತುರದಲ್ಲಿರೋ ಜನ ಒಟ್ಟಿಗೆ ಬಂದು ಸಿಕ್ಕಿದ್ದನ್ನು ಕ್ಲಿಕ್ ಮಾಡ್ತಾರೆ. ಇನ್ನೊಂದು ವಾರ ಫಲಿತಾಂಶದ ಮೇಲ್ಗಡೆ ವಿಡಿಯೋ ಸಾಲು ಬರುತ್ತೆ, ಅಥವಾ ಎಐ ಓವರ್‌ವ್ಯೂ ಬರುತ್ತೆ. ಹಾಗಾಗಿ ನಿಜವಾದ ಏರಿಳಿತ ಸೂತ್ರ ಹೇಳೋದಕ್ಕಿಂತ ಜಾಸ್ತಿ ಇರುತ್ತೆ.

ಎಷ್ಟು ಜಾಸ್ತಿ ಅನ್ನೋದು ನಿಮ್ಮ ಡೇಟಾದಲ್ಲೇ ಇದೆ. ಸರ್ಚ್ ಕನ್ಸೋಲ್ 16 ತಿಂಗಳ ಅಂಕಿ ಇಟ್ಟುಕೊಂಡಿರುತ್ತೆ. ಟೈಟಲ್ ಮುಟ್ಟದೇ ಇದ್ದ ಕಾಲದಲ್ಲಿ ಪಕ್ಕಪಕ್ಕದ ಎರಡು 28 ದಿನ ತೆಗೆದುಕೊಂಡು ಇದೇ ಲೆಕ್ಕ ಹಾಕಿ. ಹಾಗೆ ನಾಲ್ಕೈದು ಜೋಡಿ ಮಾಡಿ. ಏನೂ ಬದಲಿಸದೇ ಇದ್ದಾಗಲೂ 2 ದಾಟುವ ಉತ್ತರ ಬರ್ತಿದ್ದರೆ, ನಿಮ್ಮ ಪುಟಕ್ಕೆ 2 ಅನ್ನೋ ಗೆರೆ ಸಾಲೋದಿಲ್ಲ.

ಯಾವಾಗಲೂ ಪೂರ್ತಿ ವಾರಗಳನ್ನೇ ತೆಗೆದುಕೊಳ್ಳಿ, ಇಲ್ಲದಿದ್ದರೆ ಒಂದು ಕಡೆ ಭಾನುವಾರ ಜಾಸ್ತಿ ಆಗಿ ಅದೇ ಒಂದು ಸುಳ್ಳು ವ್ಯತ್ಯಾಸ ತರುತ್ತೆ. ತೀರಾ ಇತ್ತೀಚಿನ ಎರಡು ಮೂರು ದಿನ ಬಿಡಿ, ಆ ಅಂಕಿ ಇನ್ನೂ ಬದಲಾಗ್ತಿರುತ್ತೆ.

ಮರಳಿಯತ್ನ

ನಡುವೆ ಬಂದದ್ದಕ್ಕೆ ಕ್ಷಮಿಸಿ, ನನ್ನದೂ ಒಂದು ಕೇಸ್ ಇದೆ. 2025ರ ಸೆಪ್ಟೆಂಬರ್ ಮೊದಲ ವಾರ ನಾನು ಸೈಟ್‌ನ ಅಷ್ಟೂ ಪುಟಗಳ ಟೈಟಲ್‌ನಿಂದ ಸೈಟ್ ಹೆಸರು ತೆಗೆದೆ. ಎರಡು ವಾರದೊಳಗೆ ಸಿಟಿಆರ್ ಹೆಚ್ಚೂ ಕಡಿಮೆ ಒಂದೂವರೆ ಪಟ್ಟು ಆಯಿತು, ಆವರೇಜ್ ಪೊಸಿಷನ್ 20ರಿಂದ 12ಕ್ಕೆ ಬಂತು. ನೀವು ಹೇಳೋ ಸೂತ್ರ ಹಾಕಿದರೆ ಉತ್ತರ 10ರ ಮೇಲೆ ಬರುತ್ತೆ. ಇಷ್ಟು ದೊಡ್ಡ ಬದಲಾವಣೆ ಏರಿಳಿತ ಆಗೋಕೆ ಸಾಧ್ಯವೇ ಇಲ್ಲ. ಹಾಗಾಗಿ ಸೈಟ್ ಹೆಸರು ತೆಗೆಯಿರಿ ಅನ್ನೋದು ನನ್ನ ಸಲಹೆ.

ಕೋಡುಗಾರ

ಕ್ಲಿಕ್ ಎಷ್ಟಾಯಿತು ಹೇಳಿ? ಸಿಟಿಆರ್ ಬೇಡ, ಕ್ಲಿಕ್ ಮಾತ್ರ. ಮತ್ತೆ ಇಂಪ್ರೆಷನ್ ಬಿದ್ದದ್ದು ಡೆಸ್ಕ್‌ಟಾಪ್‌ನಲ್ಲಿ ಜಾಸ್ತಿಯಾ ನೋಡಿ.

ಮರಳಿಯತ್ನ

ಕ್ಲಿಕ್ ಹೆಚ್ಚು ಕಡಿಮೆ ಅಷ್ಟೇ ಇದೆ. ಇಂಪ್ರೆಷನ್ ಬಿದ್ದಿದೆ, ಹೌದು, ಡೆಸ್ಕ್‌ಟಾಪ್‌ನಲ್ಲೇ. ಮೊಬೈಲ್ ಗೆರೆ ನೇರ ಇದೆ. ನಿಮಗೆ ಹೇಗೆ ಗೊತ್ತಾಯಿತು?

ಕೋಡುಗಾರ

ಆ ತಿಂಗಳು ಅದು ಲೆಕ್ಕವಿಲ್ಲದಷ್ಟು ಸೈಟ್‌ಗಳಲ್ಲಿ ಆಯಿತು. ಹುಡುಕಾಟದ ವಿಳಾಸದ ಕೊನೆಗೆ `&num=100` ಅಂತ ಸೇರಿಸಿದರೆ ಮೊದಲು ಒಂದೇ ಪುಟದಲ್ಲಿ 100 ಫಲಿತಾಂಶ ಬರ್ತಿತ್ತು. ರ‍್ಯಾಂಕ್ ನೋಡೋ ಸಾಫ್ಟ್‌ವೇರ್‌ಗಳು ಅದನ್ನು ಬಳಸ್ತಿದ್ದವು. 2025ರ ಸೆಪ್ಟೆಂಬರ್‌ನಲ್ಲಿ ಅದು ಕೆಲಸ ಮಾಡೋದು ನಿಂತಿತು. ಅಲ್ಲಿವರೆಗೆ 60ನೇ, 80ನೇ ಜಾಗದಲ್ಲಿದ್ದ ಪುಟಗಳಿಗೂ ಆ ಯಂತ್ರಗಳಿಂದ ಇಂಪ್ರೆಷನ್ ಬೀಳ್ತಿತ್ತು. ಅವು ಹೋದ ಮೇಲೆ ಇಂಪ್ರೆಷನ್ ಕುಸಿಯಿತು, ಸರಾಸರಿ ಪೊಸಿಷನ್ ಮೇಲೆ ಬಂತು, ಸಿಟಿಆರ್ ಏರಿತು. ಕ್ಲಿಕ್ ಮಾತ್ರ ಇದ್ದಲ್ಲೇ ಇತ್ತು, ಯಾಕೆಂದರೆ ಯಂತ್ರಗಳು ಕ್ಲಿಕ್ ಮಾಡ್ತಿರಲಿಲ್ಲ. ಈ ಕುಸಿತಕ್ಕೆ ಹೆಚ್ಚಿನವರು ಒಪ್ಪಿಕೊಂಡಿರೋ ವಿವರಣೆ ಇದು, ನೀವು ಹೇಳಿದ ಅಂಕಿಯೂ ಹಾಗೇ ಇದೆ.

ನಿಮ್ಮ ಟೈಟಲ್ ಬದಲಾವಣೆ ಒಳ್ಳೇದೂ ಇರಬಹುದು, ಆದರೆ ಆ ತಿಂಗಳನ್ನು ದಾಟುವ ಯಾವ ಸಿಟಿಆರ್ ಹೋಲಿಕೆಯನ್ನೂ ನಾನು ನಂಬೋದಿಲ್ಲ. ಎಲ್ಲ ಪುಟಗಳನ್ನೂ ಒಟ್ಟಿಗೆ ಬದಲಿಸಿದ್ದರಿಂದ ಹೋಲಿಸೋಕೆ ಬದಲಿಸದ ಪುಟವೇ ಉಳಿದಿಲ್ಲ, ಅದು ದೊಡ್ಡ ನಷ್ಟ. ನಾಲ್ಕು ಪುಟ ಹಾಗೇ ಬಿಟ್ಟಿದ್ದರೂ ಅವುಗಳಲ್ಲೂ ಸಿಟಿಆರ್ ಏರಿದ್ದು ಕಾಣ್ತಿತ್ತು.

ಮರಳಿಯತ್ನ

ಓಹ್. ಆದರೂ ಸೈಟ್ ಹೆಸರು ತೆಗೆದದ್ದು ಒಳ್ಳೇದೇ ಅಂತ ನನಗನ್ನಿಸುತ್ತೆ. ಟೈಟಲ್ ಚಿಕ್ಕದಾಗಿ ಚೆನ್ನಾಗಿ ಕಾಣ್ತಿದೆ.

ನೀಲಿಶಾಯಿ

ನಾನು ಮಾಡೋ ವಿಧಾನ ಹೇಳ್ತೀನಿ, ನನಗೆ ಪ್ರತಿ ಸಲ ಕೆಲಸ ಮಾಡಿದೆ. ಪೊಸಿಷನ್ 1ರಿಂದ 5ರೊಳಗೆ ಇದ್ದು ಸಿಟಿಆರ್ ತೀರಾ ಕಡಿಮೆ ಇರೋ ಪುಟಗಳನ್ನು ಆರಿಸ್ತೀನಿ. ಅವುಗಳ ಟೈಟಲ್ ಮಾತ್ರ ಬದಲಿಸ್ತೀನಿ. ಮುಂದಿನ ತಿಂಗಳು ನೋಡಿದರೆ ಹೆಚ್ಚಿನವು ಏರಿರುತ್ತವೆ. ಒಂದು ಪುಟದಲ್ಲಿ ಏರಿಳಿತ ಇರಬಹುದು ಸರಿ, ಹತ್ತಿಪ್ಪತ್ತು ಪುಟ ಒಟ್ಟಿಗೆ ಏರೋದು ಏರಿಳಿತ ಹೇಗಾಗುತ್ತೆ?

ಲೆಕ್ಕದವನು

ಆರಿಸಿಕೊಂಡ ರೀತಿಯಿಂದಲೇ ಆಗುತ್ತೆ ಸರ್. ಸ್ವಲ್ಪ ವಿವರವಾಗಿ ಹೇಳ್ತೀನಿ, ಟೈಟಲ್ ಕೆಲಸದಲ್ಲಿ ನಾನು ಜಾಸ್ತಿ ನೋಡೋದು ಇದನ್ನೇ.

ಪ್ರತಿ ಪುಟದ ಸಿಟಿಆರ್ ತಿಂಗಳಿಂದ ತಿಂಗಳಿಗೆ ಮೇಲೆ ಕೆಳಗೆ ಆಡುತ್ತಿರುತ್ತೆ. ಯಾವುದೋ ಒಂದು ತಿಂಗಳು ನೋಡಿ "ತೀರಾ ಕಡಿಮೆ" ಇರೋದನ್ನು ಆರಿಸಿದರೆ, ಅದರಲ್ಲಿ ಎರಡು ಥರದ ಪುಟ ಇರುತ್ತವೆ. ಕೆಲವು ನಿಜವಾಗಿಯೂ ಕೆಟ್ಟ ಟೈಟಲ್ ಇರೋವು. ಉಳಿದವು ಆ ತಿಂಗಳು ಸುಮ್ನೆ ಕೆಳಗಿದ್ದವು. ಎರಡನೇ ಥರದವು ಮುಂದಿನ ತಿಂಗಳು ತಮ್ಮ ಮಾಮೂಲಿ ಮಟ್ಟಕ್ಕೆ ತಾವೇ ವಾಪಸ್ ಬರುತ್ತವೆ. ನೀವು ಟೈಟಲ್ ಬದಲಿಸಿ, ಬದಲಿಸದಿರಿ, ಆ ಪಟ್ಟಿ ಒಟ್ಟಾರೆ ಏರಿಯೇ ಏರುತ್ತೆ.

ಪರೀಕ್ಷೆ ಮಾಡೋದು ಕಷ್ಟ ಇಲ್ಲ. ನಿಮ್ಮ ವಿಧಾನದಲ್ಲೇ 40 ಪುಟ ಆರಿಸಿದಿರಿ ಅಂತ ಇಟ್ಟುಕೊಳ್ಳಿ. ನಾಣ್ಯ ಚಿಮ್ಮಿ 20 ಪುಟ ಬೇರೆ ಮಾಡಿ, ಅವುಗಳ ಟೈಟಲ್ ಮುಟ್ಟಬೇಡಿ. ಉಳಿದ 20ರದ್ದು ಬದಲಿಸಿ. ತಿಂಗಳಾದ ಮೇಲೆ ಬದಲಿಸಿದವು 2.1ರಿಂದ 2.6ಕ್ಕೆ ಏರಿದವು ಅನ್ನಿ, ಸಂತೋಷ ಆಗುತ್ತೆ. ಆದರೆ ಮುಟ್ಟದೇ ಬಿಟ್ಟವೂ 2.2ರಿಂದ 2.5ಕ್ಕೆ ಏರಿದ್ದರೆ, ನಿಮ್ಮ 0.5ರಲ್ಲಿ 0.3 ಹೇಗಿದ್ದರೂ ಬರಬೇಕಾದದ್ದು. ಟೈಟಲ್‌ಗೆ ಸಲ್ಲೋದು 0.2 ಮಾತ್ರ, ಅದೂ ಏರಿಳಿತದ ಲೆಕ್ಕ ದಾಟಿದರೆ. ಆ 20 ಪುಟಗಳನ್ನು ಬಿಟ್ಟಿಡದಿದ್ದರೆ ಪೂರ್ತಿ 0.5ನ್ನು ನಿಮ್ಮ ಖಾತೆಗೆ ಬರೆದುಕೊಳ್ತಿದ್ದಿರಿ.

ಯಾವ ಪುಟ ಯಾವ ಗುಂಪಿಗೆ ಅನ್ನೋದನ್ನು ನಾವು ಕೈಯಾರೆ ಆರಿಸಬಾರದು. "ಇದರ ಟೈಟಲ್ ತುಂಬ ಕೆಟ್ಟದಾಗಿದೆ, ಇದನ್ನು ಬದಲಿಸಲೇಬೇಕು" ಅಂತ ಒಂದನ್ನು ಎತ್ತಿಟ್ಟರೂ ಹೋಲಿಕೆ ವಾಲುತ್ತೆ.

ನೀಲಿಶಾಯಿ

ನಾಣ್ಯದ ಪರೀಕ್ಷೆ ಮಾಡಿ ನೋಡ್ತೀನಿ. ಆದರೆ ನಾನು ಬದಲಿಸಿದ ಪುಟಗಳಲ್ಲಿ ಕೆಲವು ತಿಂಗಳುಗಟ್ಟಲೆ ಕೆಳಗೇ ಇದ್ದವು, ಬದಲಿಸಿದ ಮೇಲೆ ಏರಿ ಮೇಲೇ ನಿಂತಿವೆ. ಅವು ತಾವೇ ಏರಿದವು ಅಂತ ಒಪ್ಪೋದು ಕಷ್ಟ.

ಲೆಕ್ಕದವನು

ಅವುಗಳ ಮಟ್ಟಿಗೆ ನೀವು ಹೇಳೋದು ಸರಿ ಇರಬಹುದು. ಆರು ತಿಂಗಳು ಒಂದೇ ಮಟ್ಟದಲ್ಲಿದ್ದು, ಟೈಟಲ್ ಬದಲಾದ ವಾರದಿಂದ ಬೇರೆ ಮಟ್ಟಕ್ಕೆ ಹೋಗಿ ಅಲ್ಲೇ ನಿಂತಿದ್ದರೆ ಅದು ಬಲವಾದ ಗುರುತು. ಒಂದೇ ತಿಂಗಳ ಅಂಕಿ ನೋಡಿ ಆರಿಸಿದ ಪಟ್ಟಿಯ ಬಗ್ಗೆ ನನ್ನ ಮಾತು.

ಕೋಡುಗಾರ

ನನಗೆ ಲೆಕ್ಕದವನು ಅವರ ಒಂದು ಮಾತು ಪೂರ್ತಿ ಒಪ್ಪಿಗೆ ಆಗಿಲ್ಲ. ಪೊಸಿಷನ್ ಕದಲದ ಭಾಗವನ್ನು ಮಾತ್ರ ನೋಡಿ ಅಂದರು. ಆದರೆ ಟೈಟಲ್ ಬರೀ ಕ್ಲಿಕ್ ಮಾಡಿಸೋ ಸಾಲಲ್ಲ, ಪುಟ ಯಾವುದರ ಬಗ್ಗೆ ಅಂತ ಗೂಗಲ್ ತಿಳಿಯೋದೂ ಅದರಿಂದಲೇ. ದಿನಪುಟ ಅವರ ಹೊಸ ಟೈಟಲ್‌ನಲ್ಲಿ "ಮೊಬೈಲ್", "ಕಂಪ್ಯೂಟರ್", "ಸ್ಪಷ್ಟತೆ" ಅನ್ನೋ ಮೂರು ಪದ ಹೊಸದಾಗಿ ಬಂದಿವೆ. ಡೆಸ್ಕ್‌ಟಾಪ್‌ನಲ್ಲಿ ಪೊಸಿಷನ್ ಏರಿದ್ದು, ಆ 6,000 ಹೊಸ ಇಂಪ್ರೆಷನ್ ಬಂದದ್ದು, ಎರಡೂ ಟೈಟಲ್‌ನಿಂದಲೇ ಆಗಿರಬಹುದು. ಪೊಸಿಷನ್ ಬದಲಾದದ್ದನ್ನೆಲ್ಲ ಪಕ್ಕಕ್ಕಿಟ್ಟರೆ ಟೈಟಲ್ ತಂದ ಲಾಭದ ದೊಡ್ಡ ಭಾಗವನ್ನೇ ಎಸೆದ ಹಾಗಾಗುತ್ತೆ.

ಅದಕ್ಕೇ ನಾನು ಕೊನೆಗೆ ಸಿಟಿಆರ್ ನೋಡೋದೇ ಇಲ್ಲ. ಬದಲಿಸಿದ ಪುಟಗಳ ಒಟ್ಟು ಕ್ಲಿಕ್ ಎಷ್ಟು ಪಟ್ಟಾಯಿತು, ಮುಟ್ಟದ ಪುಟಗಳ ಒಟ್ಟು ಕ್ಲಿಕ್ ಎಷ್ಟು ಪಟ್ಟಾಯಿತು, ಇವೆರಡನ್ನು ಹೋಲಿಸ್ತೀನಿ. ಸಿಟಿಆರ್ ಏರಿ ಕ್ಲಿಕ್ ಬಿದ್ದಿದ್ದರೆ ಆ ಟೈಟಲ್ ಯಾರಿಗೆ ಬೇಕು?

ಲೆಕ್ಕದವನು

ಒಪ್ಪುತ್ತೇನೆ, ಮುಟ್ಟದ ಗುಂಪು ಇದ್ದಾಗ ಕ್ಲಿಕ್ಕೇ ಸರಿಯಾದ ಅಳತೆ. ನಾನು ಹೇಳಿದ್ದು ಒಂದೇ ಪುಟ ಕೈಯಲ್ಲಿದ್ದಾಗಿನ ಮಾತು. ಆಗ ಪೊಸಿಷನ್ ಯಾಕೆ ಬದಲಾಯಿತು ಅಂತ ತಿಳಿಯೋ ದಾರಿ ಇಲ್ಲ. ಎದುರಾಳಿಯ ಪುಟ ಇಳಿದು ನಿಮ್ಮದು ಮೇಲೆ ಬಂದಿರಬಹುದು. ಅದಕ್ಕೇ "ಟೈಟಲ್‌ನ ಮಾತು ಜನರನ್ನು ಸೆಳೆಯಿತಾ" ಅನ್ನೋ ಚಿಕ್ಕ ಪ್ರಶ್ನೆಗೆ ಮಾತ್ರ ಉತ್ತರ ಹುಡುಕೋಕೆ ಹೋದೆ.

ನೀವು ಹೇಳಿದ ಲಾಭ ನಿಜವೇ ಆಗಿದ್ದರೆ ಅದು ಮೊಬೈಲಲ್ಲೂ ಕಾಣಬೇಕಿತ್ತಲ್ವಾ? ಅಲ್ಲಿ ಪೊಸಿಷನ್ 3.4ರಲ್ಲೇ ನಿಂತಿದೆ. ಟೈಟಲ್ ಎರಡೂ ಕಡೆ ಒಂದೇ.

ಕೋಡುಗಾರ

"ಕಂಪ್ಯೂಟರ್" ಅಂತ ಸೇರಿಸಿ ಹುಡುಕೋರು ಡೆಸ್ಕ್‌ಟಾಪ್‌ನಲ್ಲೇ ಜಾಸ್ತಿ ಇರಬಹುದು. ಎರಡು ಕಡೆ ಜನ ಹುಡುಕೋ ಪದಗಳೇ ಬೇರೆ. ನನಗೂ ಖಾತ್ರಿ ಇಲ್ಲ, ಆದರೆ ಮೊಬೈಲ್ ಕದಲಲಿಲ್ಲ ಅನ್ನೋದೊಂದರಿಂದ ತಳ್ಳಿಹಾಕೋಕೆ ಆಗಲ್ಲ.

ದಿನಪುಟ

ಹಳೇ ಅವಧಿಗಳ ಲೆಕ್ಕ ಹಾಕಿ ಬಂದೆ. ಡೆಸ್ಕ್‌ಟಾಪ್ ಗುಂಪಿನಲ್ಲಿ, ಟೈಟಲ್ ಮುಟ್ಟದ ತಿಂಗಳುಗಳ ಜೋಡಿಗಳಿಗೆ 1.7, -1.2, 0.4, 2.3 ಬಂತು. ಅಂದರೆ ಏನೂ ಮಾಡದೇ ಇದ್ದಾಗಲೂ 2.3 ಬಂದಿದೆ. ಹಾಗಿರುವಾಗ ಈ ಸಲದ 2.9 ಅಷ್ಟೇನೂ ದೊಡ್ಡದಾಗಿ ಕಾಣ್ತಿಲ್ಲ. ಆ 2.3 ಬಂದ ತಿಂಗಳಲ್ಲೂ ಪೊಸಿಷನ್ 4.4ರಿಂದ 3.5ಕ್ಕೆ ಬಂದಿತ್ತು.

ಮೊದಲು ನನಗೆ "ಸೋತಿತು" ಅನ್ನಿಸಿತ್ತು, ಆಮೇಲೆ "ಗೆದ್ದಿತು" ಅನ್ನಿಸಿತು, ಈಗ ಮೊಬೈಲಲ್ಲಿ ಏನೂ ಆಗಿಲ್ಲ, ಡೆಸ್ಕ್‌ಟಾಪ್‌ನಲ್ಲಿ ಕಾರಣ ಗೊತ್ತಿಲ್ಲ ಅನ್ನೋ ಜಾಗದಲ್ಲಿದ್ದೇನೆ. ವಾಪಸ್ ಹಾಕೋಕೆ ಕಾರಣ ಇಲ್ಲ ಅನ್ನೋದಂತೂ ಖಚಿತ. ಹಳೇ ಟೈಟಲ್ ಒಂದು ತಿಂಗಳು ಹಾಕಿ ನೋಡಿದರೆ ಡೆಸ್ಕ್‌ಟಾಪ್ ಪೊಸಿಷನ್ ಮತ್ತೆ 4ಕ್ಕೆ ಇಳಿಯುತ್ತಾ ಅಂತ ತಿಳಿಯಬಹುದಾ?

ಲೆಕ್ಕದವನು

ತಿಳಿಯಬಹುದು, ಆದರೆ ಒಂದು ಸಲ ಇಳಿದರೆ ಅದೂ ಕಾಕತಾಳೀಯ ಇರಬಹುದು. ಹಾಕಿ, ತೆಗೆದು, ಮತ್ತೆ ಹಾಕಿ ನೋಡಬೇಕು, ಪ್ರತಿ ಸಲ ಕ್ರಾಲ್‌ಗೆ ಕಾಯಬೇಕು, ಅಷ್ಟರಲ್ಲಿ ಹುಡುಕಾಟದ ಕಾಲವೇ ಬದಲಾಗಿರುತ್ತೆ. ನಿಮ್ಮ ಮುಖ್ಯ ಪುಟದ ಮೇಲೆ ಆ ಆಟ ಬೇಡ ಅನ್ನೋದು ನನ್ನ ಅಭಿಪ್ರಾಯ. ಇದೇ ಥರದ ಹೇಗೆ-ಮಾಡುವುದು ಪುಟಗಳು ನಿಮ್ಮಲ್ಲಿ ಎಷ್ಟಿವೆ?

ದಿನಪುಟ

ಮೂವತ್ತರ ಹತ್ತಿರ. ಹೆಚ್ಚಿನವು ತಿಂಗಳಿಗೆ 40ರಿಂದ 100 ಕ್ಲಿಕ್ ಬರೋವು.

ಲೆಕ್ಕದವನು

15 ಪುಟ ಸೇರಿದರೆ ಸಾವಿರ ಕ್ಲಿಕ್‌ನ ಸುತ್ತಮುತ್ತ ಆಗುತ್ತೆ. ಆ ಲೆಕ್ಕದಲ್ಲಿ 10% ವ್ಯತ್ಯಾಸವನ್ನು ಕಷ್ಟಪಟ್ಟು ಹಿಡಿಯಬಹುದು, 5% ಆಗೋದಿಲ್ಲ. ಹಾಗಾಗಿ ಚಿಕ್ಕಪುಟ್ಟ ಪದ ಬದಲಿಸಿ ಪರೀಕ್ಷೆ ಮಾಡಬೇಡಿ. "ಸಂಪೂರ್ಣ ಮಾಹಿತಿ" ತೆಗೆದು ನಿಜವಾದ ಉಪಯೋಗ ಹೇಳೋ ಥರ, ಒಂದೇ ಮಾದರಿಯ ದೊಡ್ಡ ಬದಲಾವಣೆಯನ್ನು 15 ಪುಟಗಳಿಗೂ ಮಾಡಿ. ಕ್ಲಿಕ್ ಪ್ರಕಾರ ಪುಟಗಳನ್ನು ಸಾಲಾಗಿ ಜೋಡಿಸಿ, ಪಕ್ಕಪಕ್ಕದ ಎರಡೆರಡನ್ನು ಜೋಡಿ ಮಾಡಿ, ಪ್ರತಿ ಜೋಡಿಗೂ ನಾಣ್ಯ ಚಿಮ್ಮಿ. ಇಲ್ಲದಿದ್ದರೆ ದೊಡ್ಡ ಪುಟಗಳೆಲ್ಲ ಒಂದೇ ಕಡೆ ಬೀಳಬಹುದು.

ಮತ್ತೆ, ಎಷ್ಟು ವಾರ ನೋಡ್ತೀರಿ, ಯಾವ ಅಂಕಿ ನೋಡ್ತೀರಿ ಅನ್ನೋದನ್ನು ಇವತ್ತೇ ಒಂದು ಹಾಳೆಯಲ್ಲಿ ಬರೆದಿಡಿ. ದಿನಾ ತೆರೆದು ನೋಡಿ, ಚೆನ್ನಾಗಿ ಕಂಡ ದಿನ ನಿಲ್ಲಿಸಿದರೆ ಯಾವ ಟೈಟಲ್ ಬೇಕಾದರೂ ಗೆಲ್ಲುತ್ತೆ.

ದಿನಪುಟ

ಆಯಿತು ಸರ್. ಎಂಟು ವಾರ, ಒಟ್ಟು ಕ್ಲಿಕ್, ಮೊಬೈಲ್ ಡೆಸ್ಕ್‌ಟಾಪ್ ಬೇರೆ ಬೇರೆ. ಪಿಡಿಎಫ್ ಪುಟವನ್ನು ಎರಡೂ ಗುಂಪಿನಿಂದ ಹೊರಗಿಡ್ತೀನಿ.

ಬರಹದಬುಟ್ಟಿ

ಒಂದು ಪ್ರಶ್ನೆ ಉಳಿದಿದೆ. ಈ 15 ಪುಟಗಳಲ್ಲಿ ಎರಡು ಮೂರಕ್ಕೆ ಗೂಗಲ್ ನಾವು ಕೊಟ್ಟ ಟೈಟಲ್ ತೋರಿಸದೆ ತನ್ನದೇ ತೋರಿಸಿದರೆ ಅವನ್ನು ಲೆಕ್ಕದಿಂದ ತೆಗೆಯಬೇಕಾ?

ಕೋಡುಗಾರ

ತೆಗೆಯಬೇಡಿ ಮೇಡಂ. ಮುಟ್ಟದ ಗುಂಪಿನಲ್ಲಿ ಅಂಥ ಪುಟ ಯಾವುದಾಗ್ತಿತ್ತು ಅಂತ ಗೊತ್ತಿಲ್ಲದ ಮೇಲೆ ಒಂದು ಕಡೆಯಿಂದ ಮಾತ್ರ ತೆಗೆದರೆ ಜೋಡಿ ಕೆಡುತ್ತೆ. ಎಲ್ಲವನ್ನೂ ಇಟ್ಟುಕೊಂಡೇ ಲೆಕ್ಕ ಹಾಕಿ, ಎಷ್ಟು ಪುಟಕ್ಕೆ ಹೀಗಾಯಿತು ಅಂತ ಪಕ್ಕದಲ್ಲಿ ಬರೆಯಿರಿ. ತೀರಾ ತೆಗೆಯಲೇಬೇಕು ಅನ್ನಿಸಿದರೆ ಅದರ ಜೋಡಿ ಪುಟವನ್ನೂ ಸೇರಿಸಿ ತೆಗೆಯಿರಿ.

ಲೆಕ್ಕದವನು

ಐದಾರು ಪುಟಕ್ಕೆ ಹೀಗಾದರೆ ಮಾತ್ರ ನಿಲ್ಲಿಸಿ, ಯಾಕೆ ಬದಲಿಸ್ತಿದ್ದಾರೆ ಅಂತ ಮೊದಲು ನೋಡಿ. ಎಷ್ಟೋ ಸಲ ಟೈಟಲ್ ಒಂದು ಹೇಳ್ತಿರುತ್ತೆ, ಪುಟದ ಹೆಡ್ಡಿಂಗ್ ಇನ್ನೊಂದು ಹೇಳ್ತಿರುತ್ತೆ.